ನಿಮ್ಮ ಪತ್ರಿಕೆಯ ಒಂದು ಚಿತ್ರವನ್ನು ಪಿಎಚ್.ಡಿ. ಪ್ರಬಂಧದಲ್ಲಿ ಬಳಸಲು ಅನುಮತಿ ಕೋರಿ

ಮಂಡ್ಯ
9 ಜೂನ್ 2025

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಊರು ಮಂಡ್ಯ. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಈ ಸೀಮೆಯ ಕೆರೆಗಳು ಏನಾದವು ಅನ್ನುವುದು ನನ್ನ ಪ್ರಬಂಧದ ವಿಷಯ. ನಿಮ್ಮ ಪತ್ರಿಕೆಯಲ್ಲಿ ಅಚ್ಚಾದ ಒಂದು ಚಿತ್ರವನ್ನು ಅದರಲ್ಲಿ ಹಾಕಿಕೊಳ್ಳಲು ನಿಮ್ಮ ಅನುಮತಿ ಕೇಳಿ ಈ ಪತ್ರ ಬರೆಯುತ್ತಿದ್ದೇನೆ.

ಚಿತ್ರದ ವಿವರ ಹೀಗಿದೆ. ಸಂಪುಟ 14, ಸಂಚಿಕೆ 2, ವರ್ಷ 2008. ಲೇಖನ 'ನಾಲೆಯ ಕೆಳಗಿನ ಕೆರೆ'. ಬರೆದವರು ನೀರಾವರಿ ಇಲಾಖೆಯಿಂದ ನಿವೃತ್ತರಾಗಿದ್ದ ಇಂಜಿನಿಯರ್ ನಂಜೇಗೌಡರು. ಪುಟ 46 ಮತ್ತು 47ರಲ್ಲಿ ಎದುರುಬದುರಾಗಿ ಹರಡಿರುವ ಚಿತ್ರ 3. ಅದೇ ಲೇಖನದಲ್ಲಿ ಇನ್ನೂ ಚಿತ್ರಗಳಿವೆ, ಅವು ನನಗೆ ಬೇಡ. ಇದೊಂದೇ ಸಾಕು.

ಯಾಕೆ ಇದೇ ಬೇಕು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅನುಮತಿ ಕೊಡುವವರಿಗೆ ತಮ್ಮ ಚಿತ್ರ ಎಲ್ಲಿ ಹೋಗಿ ಕೂರುತ್ತದೆ, ಅದರಿಂದ ಏನು ಹೇಳಿಸುತ್ತಾರೆ ಅನ್ನುವುದು ಗೊತ್ತಿರಬೇಕಲ್ವಾ?

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಆಮೇಲೆ ನಾಲೆ ಬಂತು. ಮೊದಲು ಅದಕ್ಕೆ ಇರ್ವಿನ್ ನಾಲೆ ಅಂತ ಹೆಸರಿತ್ತು. ನಾಲೆಯ ಹಿಂದೆ ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಬಾಲಕ್ಕೆ ಇನ್ನೊಂದು ಮಾತು ಅಂಟಿಕೊಂಡೇ ಇರುತ್ತದೆ: ನಾಲೆ ಬಂತು, ಕೆರೆ ಸತ್ತಿತು. ಜನಕ್ಕೆ ಕೆರೆ ಬೇಡವಾಯಿತು, ತೂಬು ಕಿತ್ತುಹೋಯಿತು, ನೀರುಗಂಟಿಗೆ ಕೆಲಸ ಇಲ್ಲವಾಯಿತು. ಕೆಲವು ಊರುಗಳಲ್ಲಿ ಹಾಗೇ ಆಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲಾ ಕಡೆ ಹಾಗಾಗಲಿಲ್ಲ. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಇದನ್ನೇ ಹೇಳುತ್ತದೆ. ಆ ಅಧ್ಯಾಯ ನಿಂತಿರುವುದೇ ನಂಜೇಗೌಡರ ಈ ಚಿತ್ರದ ಮೇಲೆ.

ಎಡಗಡೆ ಪುಟದಲ್ಲಿ ನಾಲೆ ಬರುವ ಮುಂಚಿನ ಕೆರೆ ಇದೆ. ಏರಿ, ಮೂರು ತೂಬು, ಕೋಡಿ, ಕೋಡಿಯಿಂದ ಮುಂದಿನ ಕೆರೆಗೆ ಇಳಿಯುವ ಹಳ್ಳ. ಅಚ್ಚುಕಟ್ಟಿನ ಗದ್ದೆಗಳಿಗೆ ಓರೆಗೆರೆ ಎಳೆದಿದ್ದಾರೆ. ಏರಿಯ ಹತ್ತಿರ ಗೆರೆ ದಟ್ಟ, ಕೆಳಕ್ಕೆ ಹೋದಂತೆ ತೆಳು. ಯಾರಿಗೆ ನೀರು ಖಾತ್ರಿ, ಯಾರಿಗೆ ಮಳೆ ಕೈಕೊಟ್ಟರೆ ಇಲ್ಲ ಅನ್ನುವುದು ನೋಡಿದ ತಕ್ಷಣ ತಿಳಿಯುತ್ತದೆ. ಬಲಗಡೆ ಪುಟದಲ್ಲಿ ಅದೇ ಕೆರೆ, ನಾಲೆ ಬಂದ ಮೇಲೆ. ಮೇಲಿನ ಬೆದ್ದಲು ಗದ್ದೆಯಾಗಿದೆ. ನಾಲೆ ನೀರಿನ ಗದ್ದೆಗಳಿಗೆ ಗೆರೆ ಇನ್ನೊಂದು ಕಡೆ ವಾಲಿದೆ. ಮೇಲಿನ ಗದ್ದೆಗಳ ಬಸಿನೀರು, ಹೆಚ್ಚಾದ ನೀರು ಹಳ್ಳ ಹಿಡಿದು ಕೆರೆಗೇ ಬಂದು ಬೀಳುತ್ತದೆ. ಇನ್ನು ಕೆರೆಯ ಕೊನೇ ತೂಬಿನ ಕೆಳಗೆ ಒಂದಿಷ್ಟು ಗದ್ದೆಗಳ ಮೇಲೆ ಎರಡೂ ಗೆರೆಗಳು ಒಂದರ ಮೇಲೊಂದು ಬಿದ್ದು ಜಾಲರಿಯಾಗಿವೆ. ಪಕ್ಕದಲ್ಲಿ ಗೌಡರು ಕೈಯಲ್ಲೇ ಬರೆದಿದ್ದಾರೆ: 'ಈ ಗದ್ದೆಗಳಿಗೆ ಎರಡು ನೀರು.'

ಆ ಜಾಲರಿಯೇ ನನಗೆ ಮುಖ್ಯ. ನಾಲೆಗೆ ಕಟ್ಟುನೀರು ಪದ್ಧತಿಯಲ್ಲಿ ನೀರು ಬಿಡುವಾಗ ಕೆಲವು ದಿನ ನಾಲೆ ಹರಿಯುತ್ತದೆ, ಕೆಲವು ದಿನ ನಿಲ್ಲುತ್ತದೆ. ನಿಂತ ದಿನಗಳಲ್ಲಿ ಕೊನೇ ಭಾಗದ ರೈತರ ಪಾಡು ನಿಮಗೂ ಗೊತ್ತು. ಆ ಊರಿನವರು ನಾಲೆ ಹರಿಯುವಾಗ ಕೆರೆ ತುಂಬಿಸಿಕೊಂಡರು, ನಿಂತಾಗ ತೂಬು ಎತ್ತಿದರು. ಹಾಗೆ ಮಾಡಬೇಕಾದರೆ ತೂಬು ಸರಿ ಇರಬೇಕು, ನೀರುಗಂಟಿ ಇರಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಅನ್ನುವ ಒಪ್ಪಂದ ಊರಲ್ಲಿ ಉಳಿದಿರಬೇಕು. ಅಂದರೆ ಕೆರೆ ಸತ್ತಿರಲಿಲ್ಲ. ಅದರ ಕೆಲಸ ಬದಲಾಗಿತ್ತು, ಅಷ್ಟೆ. ಇದನ್ನು ನಾನು ಎಷ್ಟು ಪುಟ ಬರೆದರೂ ಆ ಚಿತ್ರ ಹೇಳಿದಷ್ಟು ಚೆನ್ನಾಗಿ ಹೇಳಲಾರೆ.

ನೀವೇ ಒಂದು ನಕ್ಷೆ ಬರೆದುಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ನನ್ನ ಮಾರ್ಗದರ್ಶಕರೂ ಕೇಳಿದರು. ಹೊಸದಾಗಿ ಬರೆದರೆ ಅದು ಗೌಡರ ಚಿತ್ರ ನೋಡಿ ನಾನು ಬರೆದ ಚಿತ್ರವಾಗುತ್ತದೆ. ಆಗ ಅದಕ್ಕೆ ಸಾಕ್ಷಿಯ ಬೆಲೆ ಇರುವುದಿಲ್ಲ. ಅವರು ಆ ಊರಿನ ನೀರುಗಂಟಿಗಳ ಜೊತೆ ಗದ್ದೆ ಬಯಲಿನಲ್ಲಿ ನಡೆದು ಒಂದೊಂದು ತಾಕನ್ನೂ ಗುರುತು ಹಾಕಿಕೊಂಡೆ ಅಂತ ಲೇಖನದಲ್ಲಿ ಬರೆದಿದ್ದಾರೆ. ಆ ನೀರುಗಂಟಿಗಳು ಆಗಲೇ ಮುದುಕರು. ಅವರನ್ನು ಇವತ್ತು ಹೋಗಿ ಕೇಳುವ ಹಾಗಿಲ್ಲ. ಊರಿನ ಹೆಸರನ್ನೂ ಗೌಡರು ಬೇಕೆಂತಲೇ ಹೇಳಿಲ್ಲ. ನೀರಿನ ವಿಚಾರಕ್ಕೆ ಅಲ್ಲಿ ಹಳೇ ವ್ಯಾಜ್ಯ ಇತ್ತು ಅಂತಷ್ಟೇ ಸೂಚಿಸಿದ್ದಾರೆ. ನಾನೂ ಆ ಊರನ್ನು ಹುಡುಕಿ ಹೆಸರಿಸುವುದಿಲ್ಲ. ಅವರು ಆ ಜನಕ್ಕೆ ಕೊಟ್ಟ ಮಾತು ನನ್ನ ಪ್ರಬಂಧದಲ್ಲೂ ಉಳಿಯುತ್ತದೆ.

ಈಗ ಹಕ್ಕಿನ ವಿಚಾರ. ಸಂಶೋಧನೆಗೆ ಬಳಸಿಕೊಳ್ಳಲು ಅನುಮತಿ ಬೇಕಿಲ್ಲ, ಮೂಲ ಹೇಳಿದರೆ ಸಾಕು ಅಂತ ಕೆಲವು ಗೆಳೆಯರು ಹೇಳಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಸಂಶೋಧನೆಗೆ, ವಿಮರ್ಶೆಗೆ ನ್ಯಾಯವಾಗಿ ಬಳಸಲು ಅವಕಾಶ ಇದೆ, ನಿಜ. ಆದರೆ ಅದರಲ್ಲಿ ಸಂಶೋಧನೆಯ ಮಾತು ಬರುವುದು ಖಾಸಗಿ ಬಳಕೆಯ ಜೊತೆಗೆ. ಈಗ ಪ್ರಬಂಧ ಖಾಸಗಿಯಾಗಿ ಉಳಿಯುವುದಿಲ್ಲ. ಪದವಿ ಬಂದ ಮೇಲೆ ವಿಶ್ವವಿದ್ಯಾನಿಲಯ ಅದರ ಪ್ರತಿಯನ್ನು ಶೋಧಗಂಗಾಕ್ಕೆ ಹಾಕುತ್ತದೆ. ಅಲ್ಲಿಂದ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಇಳಿಸಿಕೊಳ್ಳಬಹುದು. ಒಂದು ಸಾಲನ್ನು ಉದ್ಧರಿಸುವುದು ಬೇರೆ, ಒಬ್ಬರು ಕೈಯಾರೆ ಬರೆದ ಇಡೀ ಚಿತ್ರವನ್ನು ಹಾಗೇ ಎತ್ತಿ ಹಾಕುವುದು ಬೇರೆ. ಕಾನೂನಿನ ಸಂದು ಹುಡುಕುವುದಕ್ಕಿಂತ ನಿಮ್ಮನ್ನು ಕೇಳುವುದೇ ಸರಿ ಅನ್ನಿಸಿತು.

ನಂಜೇಗೌಡರು ಈಗ ಇಲ್ಲ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುವುದರಿಂದ ಮೈಸೂರಿನಲ್ಲಿರುವ ಅವರ ಮಗಳನ್ನು ಭೇಟಿ ಮಾಡಿದೆ. ತಂದೆಯ ಚಿತ್ರ ಓದುವವರಿಗೆ ಸಿಗಲಿ ಅಂತ ಅವರು ಸಂತೋಷದಿಂದ ಒಪ್ಪಿ ಬರೆದುಕೊಟ್ಟಿದ್ದಾರೆ. ಆ ಒಪ್ಪಿಗೆ ಪತ್ರ ಇದರ ಜೊತೆಗಿದೆ. ಆದರೆ ಲೇಖನ ಕೊಡುವಾಗ ಗೌಡರು ಪತ್ರಿಕೆಗೆ ಹಕ್ಕನ್ನು ಬರೆದುಕೊಟ್ಟಿದ್ದರೋ ಇಲ್ಲವೋ ಅವರಿಗೆ ತಿಳಿಯದು. ನಿಮ್ಮ ಸಂಚಿಕೆಯ ಒಳಪುಟದಲ್ಲಿ 'ಹಕ್ಕುಗಳು ಪತ್ರಿಕೆಯವು' ಅಂತ ಅಚ್ಚಾಗಿದೆ. ಆದ್ದರಿಂದ ಹಕ್ಕು ನಿಮ್ಮ ಬಳಿ ಇದೆ ಅಂದುಕೊಂಡೇ ಕೇಳುತ್ತಿದ್ದೇನೆ. ಗೌಡರ ಬಳಿಯೇ ಉಳಿದಿದ್ದರೆ ಅದನ್ನೂ ಒಂದು ಸಾಲಿನಲ್ಲಿ ತಿಳಿಸಿ. ಆಗ ಅವರ ಮಗಳ ಒಪ್ಪಿಗೆ ಸಾಕಾಗುತ್ತದೆ.

ನಾನು ಕೇಳುತ್ತಿರುವುದು ಇಷ್ಟು. ಚಿತ್ರ 3ನ್ನು ನನ್ನ ಪ್ರಬಂಧದಲ್ಲಿ ಒಂದು ಸಲ ಹಾಕಲು. ಪರೀಕ್ಷಕರಿಗೆ ಹೋಗುವ ಪ್ರತಿಗಳು, ವಿಶ್ವವಿದ್ಯಾನಿಲಯದ ಗ್ರಂಥಾಲಯದ ಪ್ರತಿ, ಶೋಧಗಂಗಾದಲ್ಲಿ ಇರುವ ಪ್ರತಿ, ಈ ಮೂರಕ್ಕೂ ಅನುಮತಿ ಅನ್ವಯಿಸಬೇಕು. ಶೋಧಗಂಗಾದ ಮಾತನ್ನು ದಯವಿಟ್ಟು ಬಿಡಬೇಡಿ, ಅಲ್ಲಿಗೆ ಹೋದದ್ದನ್ನು ಆಮೇಲೆ ತೆಗೆಸುವುದು ಸುಲಭವಲ್ಲ. ಪ್ರಬಂಧಕ್ಕೆ ಬೆಲೆ ಇಟ್ಟು ಮಾರುವುದಿಲ್ಲ. ಮುಂದೆ ಪುಸ್ತಕವಾಗಿ ಬರುವ ಕಾಲ ಬಂದರೆ ಪ್ರಕಾಶಕರ ವಿವರದೊಂದಿಗೆ ಮತ್ತೆ ಕೇಳುತ್ತೇನೆ. ಈಗಿನ ಅನುಮತಿಯನ್ನು ಅದಕ್ಕೆ ಎಳೆಯುವುದಿಲ್ಲ.

ಚಿತ್ರದಲ್ಲಿ ಒಂದು ಗೆರೆಯನ್ನೂ ಬದಲಿಸುವುದಿಲ್ಲ. ಬಣ್ಣ ತುಂಬುವುದಿಲ್ಲ, ಹೆಸರು ಸೇರಿಸುವುದಿಲ್ಲ, ಗೌಡರ ಕೈಬರಹ ತೆಗೆದು ಟೈಪ್ ಮಾಡುವುದಿಲ್ಲ. ಎ4 ಹಾಳೆಗೆ ಹೊಂದುವಂತೆ ಸ್ವಲ್ಪ ಚಿಕ್ಕದು ಮಾಡಿ ಅಡ್ಡಲಾಗಿ ಹಾಕುತ್ತೇನೆ. ಚಿತ್ರದ ಕೆಳಗೇ ಗೌಡರ ಹೆಸರು, ಲೇಖನದ ಹೆಸರು, ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಪುಟ, ಆಮೇಲೆ 'ಪತ್ರಿಕೆಯ ಅನುಮತಿಯಿಂದ' ಅಂತ ಇರುತ್ತದೆ. ಆ ಪುಟ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಮಾದರಿ ಕಳಿಸಿದ್ದೇನೆ. ಹೆಸರು ಹಾಕುವ ಬಗೆ ನಿಮ್ಮಲ್ಲಿ ಬೇರೆ ಇದ್ದರೆ ತಿದ್ದಿ ಕಳಿಸಿ, ಹಾಗೇ ಹಾಕುತ್ತೇನೆ.

ಇನ್ನೊಂದು ಸಹಾಯ ಬೇಕು. ಚಿತ್ರ ಎರಡು ಪುಟಕ್ಕೆ ಹರಡಿದೆ. ಹೊಲಿಗೆಯ ಜಾಗದಲ್ಲಿ ಒಂದಷ್ಟು ಮಡಿಕೆಯೊಳಗೆ ಹೋಗಿಬಿಟ್ಟಿದೆ. ಗ್ರಂಥಾಲಯದ ಪ್ರತಿಯನ್ನು ಸ್ಕ್ಯಾನ್ ಮಾಡಿಸಿದರೆ ಎಡಚಿತ್ರದ ಕೋಡಿ ಅರ್ಧ ಮಾತ್ರ ಕಾಣುತ್ತದೆ. ಬಲಚಿತ್ರದಲ್ಲಿ ಹಳ್ಳ ಕೆರೆಗೆ ಸೇರುವ ಜಾಗವೇ ಕಪ್ಪಾಗಿ ಬರುತ್ತದೆ. ಸಂಚಿಕೆಯನ್ನು ಬಿಚ್ಚಿ ಸ್ಕ್ಯಾನ್ ಮಾಡಲು ಯಾವ ಗ್ರಂಥಾಲಯವೂ ಬಿಡುವುದಿಲ್ಲ, ಬಿಡಲೂಬಾರದು. ಗೌಡರು ಕೊಟ್ಟ ಮೂಲ ಹಾಳೆಯೋ, ಅಚ್ಚಿಗೆ ಕಳಿಸಿದ ಫೈಲೋ ನಿಮ್ಮ ಕಚೇರಿಯಲ್ಲಿ ಉಳಿದಿದೆಯಾ ಅಂತ ಒಮ್ಮೆ ನೋಡಿಸಲು ಸಾಧ್ಯವೇ? ಮಗಳ ಮನೆಯಲ್ಲಿ ಅದರ ಪ್ರತಿ ಇಲ್ಲ. ಮೂಲ ಹಾಳೆ ಇದ್ದರೆ ನಾನೇ ಬಂದು ಅಲ್ಲೇ ಸ್ಕ್ಯಾನ್ ಮಾಡಿಕೊಂಡು, ಒಂದು ಪ್ರತಿಯನ್ನು ನಿಮಗೂ ಇನ್ನೊಂದನ್ನು ಅವರ ಮಗಳಿಗೂ ಕೊಡುತ್ತೇನೆ. ಹಾಳೆ ನಿಮ್ಮ ಕಚೇರಿ ಬಿಟ್ಟು ಹೊರಗೆ ಹೋಗುವುದು ಬೇಡ. ಪ್ರಬಂಧಕ್ಕೆ ಬೇಕು ಅನ್ನುವುದಕ್ಕಿಂತ ಜಾಸ್ತಿ, ಆ ಹಾಳೆ ಎಲ್ಲಾದರೂ ಸುರಕ್ಷಿತವಾಗಿ ಇದೆ ಅಂತ ತಿಳಿಯುವುದೇ ನನಗೆ ದೊಡ್ಡ ಸಮಾಧಾನ. ಅಂಥ ನಕ್ಷೆಯನ್ನು ಈ ಸೀಮೆಯಲ್ಲಿ ಇನ್ನು ಯಾರೂ ಬರೆಯಲಾರರು. ಇಲ್ಲದಿದ್ದರೆ ಪರವಾಗಿಲ್ಲ, ಗ್ರಂಥಾಲಯದ ಪ್ರತಿಯಿಂದಲೇ ಎರಡು ಭಾಗವಾಗಿ ಹಾಕುತ್ತೇನೆ.

ಶುಲ್ಕ ಇದ್ದರೆ ಎಷ್ಟು, ಹೇಗೆ ಕಟ್ಟಬೇಕು ಅಂತ ತಿಳಿಸಿ. ಸೆಪ್ಟೆಂಬರ್‌ನಲ್ಲಿ ಪ್ರಬಂಧ ಸಲ್ಲಿಸಬೇಕಿದೆ. ಜುಲೈ ಕೊನೆಯೊಳಗೆ ನಿಮ್ಮ ಉತ್ತರ ಬಂದರೆ ಪುಟಗಳನ್ನು ಹೊಂದಿಸಿಕೊಳ್ಳಲು ಅನುಕೂಲ. ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಅಂತ ತಿಳಿಯುವುದಿಲ್ಲ. ಚಿತ್ರ ಬಿಟ್ಟು ಅದು ಏನು ತೋರಿಸುತ್ತದೆ ಅಂತ ಮಾತಿನಲ್ಲಿ ಬರೆದು, ನಿಮ್ಮ ಸಂಚಿಕೆಯನ್ನು ನೋಡಿ ಅಂತ ಓದುವವರಿಗೆ ಸೂಚಿಸುತ್ತೇನೆ.

ಒಪ್ಪಿಗೆ ಇದ್ದರೆ ಉದ್ದದ ಪತ್ರ ಬೇಕಿಲ್ಲ. ಈ ಇಮೇಲ್‌ಗೇ ಉತ್ತರವಾಗಿ 'ಸಂಪುಟ 14, ಸಂಚಿಕೆ 2ರ ಪುಟ 46–47ರ ಚಿತ್ರ 3ನ್ನು ನಿಮ್ಮ ಪಿಎಚ್.ಡಿ. ಪ್ರಬಂಧದ ಮುದ್ರಿತ ಪ್ರತಿಗಳಲ್ಲಿ ಮತ್ತು ಶೋಧಗಂಗಾದ ಪ್ರತಿಯಲ್ಲಿ ಬಳಸಲು ಅನುಮತಿ ಇದೆ' ಅಂತ ಬರೆದು, ನಿಮ್ಮ ಹೆಸರು ಮತ್ತು ಹುದ್ದೆ ಹಾಕಿದರೆ ಸಾಕು. ಷರತ್ತು ಇದ್ದರೆ ಅದರ ಕೆಳಗೇ ಸೇರಿಸಿ. ಪದವಿ ಬಂದ ಮೇಲೆ ಆ ಅಧ್ಯಾಯದ ಒಂದು ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸುತ್ತೇನೆ.

ಇದರ ಜೊತೆ ಕಳಿಸಿರುವುದು: ಚಿತ್ರ 3ರ ಗ್ರಂಥಾಲಯ ಪ್ರತಿಯ ಸ್ಕ್ಯಾನ್, ಪ್ರಬಂಧದ ಮಾದರಿ ಪುಟ, ನಂಜೇಗೌಡರ ಮಗಳ ಒಪ್ಪಿಗೆ ಪತ್ರ, ನಾನು ಸಂಶೋಧನಾ ವಿದ್ಯಾರ್ಥಿ ಎಂದು ಮಾರ್ಗದರ್ಶಕರು ಕೊಟ್ಟ ಪತ್ರ.

ವಂದನೆಗಳೊಂದಿಗೆ,

ನಿಮ್ಮ ವಿಶ್ವಾಸಿ,
ಸವಿತಾ ಎಚ್. ಎಂ.
ಸಂಶೋಧನಾ ವಿದ್ಯಾರ್ಥಿನಿ, ಇತಿಹಾಸ
ಮೈಸೂರು ವಿಶ್ವವಿದ್ಯಾನಿಲಯ, ಮಾನಸಗಂಗೋತ್ರಿ, ಮೈಸೂರು