ಶಿಯರ್ ಫೋರ್ಸ್, ಬೆಂಡಿಂಗ್ ಮೊಮೆಂಟ್: ಅಭ್ಯಾಸ ಪರೀಕ್ಷೆ ಮತ್ತು ಅಂಕ ಹಂಚಿಕೆ

ಸಿವಿಲ್ ಡಿಪ್ಲೊಮಾ, ಕಲಬುರಗಿ. ಒಟ್ಟು ಅಂಕ 25, ಸಮಯ 1 ಗಂಟೆ.

ಮೂರೂ ಲೆಕ್ಕಕ್ಕೆ ಎಸ್‌ಎಫ್‌ಡಿ, ಬಿಎಂಡಿ ಬರೆಯಿರಿ. ಬೀಮ್‌ನ ಚಿತ್ರದ ಕೆಳಗೆ ಎಸ್‌ಎಫ್‌ಡಿ, ಅದರ ಕೆಳಗೆ ಬಿಎಂಡಿ, ಒಂದೇ ನೇರದಲ್ಲಿ ಬರಲಿ. ಎಡಗಡೆ ಮೇಲ್ಮುಖ ಬಲ ಪ್ಲಸ್, ಬೀಮ್ ಕೆಳಕ್ಕೆ ಜೋತರೆ ಮೊಮೆಂಟ್ ಪ್ಲಸ್. ಬರೆದ ಮೇಲೆ ಹಾಳೆ ಪಕ್ಕದವರಿಗೆ ಕೊಡಿ, ಅವರೇ ತಿದ್ದಲಿ.

ಪ್ರಶ್ನೆ 1 (8 ಅಂಕ)
ಶಹಾಬಾದ್ ಕಲ್ಲಿನ ಗೋದಾಮಿನಲ್ಲಿ 6 m ಉದ್ದದ ಬೀಮ್ ಎರಡು ಗೋಡೆಗಳ ಮೇಲೆ ಸರಳವಾಗಿ ಕೂತಿದೆ. ಉದ್ದಕ್ಕೂ 10 kN/m ಯುಡಿಎಲ್. ಎಡತುದಿ A ಯಿಂದ 2 m ದೂರದ C ಯಲ್ಲಿ 30 kN ಲೋಡ್.

*ಅಂಕ:* RA = 50 kN, RB = 40 kN: 2. ಎಸ್‌ಎಫ್‌ಡಿ: +50 ರಿಂದ +30 ಕ್ಕೆ, 0 ಯಿಂದ −40 ಕ್ಕೆ ಇಳಿಜಾರು ಗೆರೆ: 2, C ಯಲ್ಲಿ +30 ರಿಂದ 0 ಗೆ ನೆಟ್ಟಗೆ ಇಳಿದಿದ್ದರೆ: 1. ಬಿಎಂಡಿ: C ಯಲ್ಲಿ 80 kN·m: 1, ಎರಡೂ ತುದಿಯಲ್ಲಿ 0: 1, ಎರಡೂ ಭಾಗ ಪ್ಯಾರಾಬೋಲ: 1. C ಯಲ್ಲಿ ಒಂದು ಮುರಿ ಕಾಣಬೇಕು. ಸುಮ್ನೆ ಒಂದೇ ಕಮಾನು ಎಳೆದರೆ ಆ ಕೊನೆಯ ಅಂಕ ಇಲ್ಲ. ಪಾಯಿಂಟ್ ಲೋಡ್ ಎಲ್ಲಿದೆ ಅಂತ ಬಿಎಂಡಿ ನೋಡಿದರೇ ಗೊತ್ತಾಗಬೇಕು, ಅಲ್ವಾ?

ಪ್ರಶ್ನೆ 2 (12 ಅಂಕ)
ಯಾದಗಿರಿಯ ಒಂದು ಮನೆಯ ವರಾಂಡ ಬೀಮ್ B ಆಸರೆ ದಾಟಿ 1 m ಹೊರಗೆ ಚಾಚಿದೆ.

```
↓↓↓↓↓↓↓↓↓↓↓↓↓↓↓↓↓↓    ↓ 20 kN
A================B====C
△    20 kN/m     △
|<----- 4 m ---->|<1m>|
```

*ಅಂಕ:* ರಿಯಾಕ್ಷನ್‌ಗೆ 2. A ಸುತ್ತ ಮೊಮೆಂಟ್ ತೆಗೆದರೆ:

RB = (20×4×2 + 20×5)/4 = 65 kN, RA = 35 kN

ಎಸ್‌ಎಫ್‌ಡಿ: +35 ರಿಂದ −45 ಕ್ಕೆ ಇಳಿಜಾರು: 2, B ಯಲ್ಲಿ +20 ಕ್ಕೆ ನೆಟ್ಟಗೆ ಜಿಗಿತ: 1, BC ಮಟ್ಟಸ ಗೆರೆ: 1. ಶಿಯರ್ ಸೊನ್ನೆ x = 35/20 = 1.75 m ನಲ್ಲಿ: 1. ಬಿಎಂಡಿ: ಗರಿಷ್ಠ 30.63 kN·m: 1, B ಯಲ್ಲಿ −20 kN·m: 1, AB ಬಾಗು ಗೆರೆ: 1, BC ನೇರ ಗೆರೆ: 1, ಕಾಂಟ್ರಾಫ್ಲೆಕ್ಷರ್ ಬಿಂದು A ಯಿಂದ 3.5 m: 1.

3.5 m ಬಿಡಬೇಡಿ. ಅಲ್ಲಿಂದ ಮುಂದೆ ಎಳೆತ ಬೀಮ್‌ನ ಮೇಲ್ಭಾಗಕ್ಕೆ ಬರುತ್ತದೆ, ಹಾಗಾಗಿ ಮುಖ್ಯ ಕಬ್ಬಿಣ ಮೇಲೆ ಬೇಕು. ಸೈಟಿನಲ್ಲಿ ಬಾರ್ ಕಟ್ಟುವವರಿಗೆ ಇದನ್ನು ಹೇಳಬೇಕಾದವರು ನಾಳೆ ನೀವೇ.

ರಿಯಾಕ್ಷನ್ ತಪ್ಪಿದ್ದರೆ ಆ 2 ಅಂಕ ಮಾತ್ರ ಹೋಗುತ್ತದೆ. ಆ ತಪ್ಪು ಸಂಖ್ಯೆಗೆ ಹೊಂದುವಂತೆ ಚಿತ್ರ ಸರಿಯಾಗಿದ್ದರೆ ಚಿತ್ರದ ಅಂಕ ಕೊಡಿ. ಆದರೆ ಕೊನೆಗೆ C ಯಲ್ಲಿ ಮೊಮೆಂಟ್ ಸೊನ್ನೆಗೆ ಬಂದು ಮುಟ್ಟದಿದ್ದರೂ ಸುಮ್ಮನಿದ್ದವರಿಗೆ 1 ಅಂಕ ಕಡಿಮೆ ಮಾಡಿ. ಅದು ಲೆಕ್ಕ ತಪ್ಪಿದೆ ಅಂತ ಚಿತ್ರವೇ ತೋರಿಸುವ ಜಾಗ.

ಪ್ರಶ್ನೆ 3 (5 ಅಂಕ)
1.5 m ಕ್ಯಾಂಟಿಲಿವರ್, ಎಡತುದಿ ಗೋಡೆಯಲ್ಲಿ ಬಿಗಿ. ಉದ್ದಕ್ಕೂ 8 kN/m, ತುದಿಯಲ್ಲಿ 4 kN.

*ಅಂಕ:* ಎಸ್‌ಎಫ್‌ಡಿ ಗೋಡೆಯಲ್ಲಿ +16, ತುದಿಯಲ್ಲಿ +4 kN: 2. ಬಿಎಂಡಿ ಗೋಡೆಯಲ್ಲಿ −15 kN·m: 1, ತುದಿಯಲ್ಲಿ 0: 1, ಬಾಗು ಗೆರೆ: 1. ಮೈನಸ್ ಚಿಹ್ನೆ ಇಲ್ಲದ 15 ಕ್ಕೆ ಅಂಕ ಇಲ್ಲ.