ಪಡುಗುತ್ತು, 143

ಪೆರ್ಲದ ಪೈಗಳ ಜಿನಸು ಅಂಗಡಿಯಲ್ಲಿ ಕಡದ ಪುಸ್ತಕ ಒಂದೇ. ಎರಡು ಕೈಯಲ್ಲಿ ಎತ್ತಬೇಕು, ಅಷ್ಟು ದಪ್ಪ. ಹೊಸ ಗಿರಾಕಿ ಬಂದರೆ ಮುಂದಿನ ಖಾಲಿ ಪುಟ ಅವರಿಗೆ. ಆ ಪುಟ ತುಂಬಿತಾ, ಮತ್ತೆ ಎಲ್ಲಿ ಖಾಲಿ ಇದೆಯೋ ಅಲ್ಲಿ ಲೆಕ್ಕ ಮುಂದುವರಿಯುತ್ತದೆ. ಅಡಿಕೆ ಮಾರಿ ದುಡ್ಡು ಕೈಗೆ ಬಂದ ಮೇಲೆಯೇ ಊರಿನವರು ಚುಕ್ತ ಮಾಡುವುದು. ಅಷ್ಟರಲ್ಲಿ ಒಬ್ಬರ ಲೆಕ್ಕ ನಾಲ್ಕು ಕಡೆ ಚದುರಿ ಹೋಗಿರುತ್ತದೆ. ಯಾರದ್ದು ಎಲ್ಲಿ ಎಂದು ಪೈಗಳಿಗೆ ನೆನಪಿರುತ್ತಿತ್ತು. ಅರುವತ್ತು ದಾಟಿದ ಮೇಲೆ ಅದೂ ಕೈಕೊಡತೊಡಗಿತು.

1987ರ ಮೇ ತಿಂಗಳು. ಕಾಸರಗೋಡು ಬೇರೆ ಜಿಲ್ಲೆಯಾಗಿ ಮೂರು ವರ್ಷವಾದರೂ ಪೈಗಳ ಬಿಲ್ಲಿನಲ್ಲಿ ಇನ್ನೂ ಕಣ್ಣೂರು ಜಿಲ್ಲೆ ಎಂದೇ ಇತ್ತು. ಅಚ್ಚು ಹಾಕಿಸಿದ ಕಾಗದ ಮುಗಿಯದೆ ಹೊಸದು ಮಾಡಿಸುವ ಪೈಕಿ ಅಲ್ಲ ಅವರು. ಮಳೆಗಾಲ ಹತ್ತಿರ ಬಂದಿತ್ತು. ಕೊಳೆರೋಗಕ್ಕೆ ಮದ್ದು ಬಿಡುವ ಸಮಯ. ಅಂಗಡಿ ತುಂಬ ಮೈಲುತುತ್ತಿನ ಮಾತು.

"ಪೈಗಳೇ, ನನ್ನ ಲೆಕ್ಕ ಹೇಳಿ. ಪುತ್ತೂರಿನಲ್ಲಿ ಅಡಿಕೆ ಕೊಟ್ಟು ಬಂದೆ. ದುಡ್ಡು ಖರ್ಚಾಗುವ ಮೊದಲು ತೆಗೆದುಕೊಳ್ಳಿ" ಎಂದರು ಕೋಡಿಮೂಲೆ ಭಟ್ರು.

ಹೀಗೆ ತಾನಾಗಿ ದುಡ್ಡು ಹಿಡಿದು ಬರುವವರು ಎಷ್ಟು ಮಂದಿ! ಪೈಗಳು ಅವರನ್ನು ಬೆಂಚಿನಲ್ಲಿ ಕೂರಿಸಿ ಪುಸ್ತಕ ತೆರೆದರು. ಕೋಡಿಮೂಲೆ ಸಿಗಲಿಲ್ಲ. ಸಿಕ್ಕಿದ್ದು ಪಡುಗುತ್ತು ರೈಗಳ ಲೆಕ್ಕ. ಹಿಂದಿನ ದಿನ ಸಂಜೆ ಅದನ್ನೇ ಹುಡುಕಿ ಹುಡುಕಿ ಸಾಕಾಗಿ ಬಿಟ್ಟದ್ದು. ಈಗ ಮಗುಚಿ ಮುಂದೆ ಹೋದರೆ ನಾಳೆ ಮತ್ತೆ ಸಿಗುವುದಿಲ್ಲ ಎಂದು ಪೈಗಳು ಒಂದು ಬಿಲ್ಲಿನ ಹಿಂದೆ ಬರೆದರು: "ರೈ - ಎಣ್ಣೆ ಬಿದ್ದ ಹಾಳೆ ಆಗಿ ಆಚೆಯದ್ದು."

ಮತ್ತೆರಡು ಹಾಳೆ ಮಗುಚಿದಾಗ ಎಣ್ಣೆ ಬಿದ್ದ ಹಾಳೆ ಇನ್ನೊಂದು ಬಂತು. ಅದರ ಹಿಂದೆ ಮತ್ತೊಂದು. ಜಿನಸು ಅಂಗಡಿ ಅಲ್ವಾ.

"ಹಮೀದೇ, ಇದಕ್ಕೆ ಮೊದಲಿನಿಂದ ನಂಬ್ರ ಹಾಕು."

ಹಮೀದ್ ಪುಟದ ಮೂಲೆಯಲ್ಲಿ ನಂಬ್ರ ಹಾಕುತ್ತಾ ಹೋದ. ಪೈಗಳು ಪಕ್ಕದಲ್ಲಿ ಕೂತು ಕಂಡ ಹೆಸರನ್ನೆಲ್ಲ ಬಿಲ್ಲಿನ ಹಿಂದೆ ಬರೆದರು. ಹೇಗೂ ನೋಡುತ್ತಿದ್ದೇವಲ್ಲ, ಬರೆದಿಟ್ಟರೆ ನಷ್ಟವೇನು? ರೈ ಎಂದಿದ್ದಲ್ಲಿ 143 ಬಂತು. ಕೋಡಿಮೂಲೆ 31, 118, 207. ಭಟ್ರು ದುಡ್ಡು ಎಣಿಸಿ ಕೊಟ್ಟು ಹೋದರು. ಪೈಗಳು ಅವರನ್ನು ಬಸ್ಸಿನವರೆಗೆ ಬಿಡಲೂ ಹೋಗಲಿಲ್ಲ, ಬರೆಯುತ್ತಲೇ ಇದ್ದರು.

ಸಂಜೆಗೆ ಏಳು ಬಿಲ್ಲು ತುಂಬಿತು. ಅಷ್ಟರಲ್ಲಿ ಪಳ್ಳದ ಮೂಸಕುಂಞಿ ಬಂದು ತನ್ನದು ಎಷ್ಟಾಯಿತು ಎಂದು ಕೇಳಿದ. ಪೈಗಳು ಬಿಲ್ಲುಗಳ ಮೇಲೆ ಬೆರಳಿಟ್ಟು ಹುಡುಕತೊಡಗಿದರು. ಮೊದಲನೆಯದರಲ್ಲಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಪುಸ್ತಕದಲ್ಲಿ ಹುಡುಕುವ ಕೆಲಸ ಬಿಲ್ಲಿನಲ್ಲಿ ಹುಡುಕುವ ಕೆಲಸವಾಗಿತ್ತು, ಅಷ್ಟೇ.

ರಾತ್ರಿ ಊಟವಾದ ಮೇಲೆ ಪೈಗಳು ಉದ್ದದ ಕಾಗದ ತೆಗೆದುಕೊಂಡು ಅ, ಆ, ಇ ಎಂದು ಬರೆದು ಒಂದೊಂದು ಅಕ್ಷರಕ್ಕೂ ನಾಲ್ಕು ಗೆರೆ ಬಿಟ್ಟರು. ಬೆಳಗಾಗುವಾಗ ಅ ತುಂಬಿ ತುಳುಕುತ್ತಿತ್ತು. ಅಬ್ದುಲ್ಲ, ಅಂತು, ಅಪ್ಪಣ್ಣ, ಮತ್ತೆ ಮೂವರು ಅಬ್ದುಲ್ಲ. ನ ಕೂಡ ಹಾಗೆಯೇ, ಊರಿಡೀ ನಾರಾಯಣ. ಠ ಮತ್ತು ಝ ಮಾತ್ರ ಖಾಲಿ. ಪೆರ್ಲದಲ್ಲಿ ಠ ಅಕ್ಷರದ ಗಿರಾಕಿ ಬರುತ್ತಾನೆಂದು ನಾಲ್ಕು ಗೆರೆ ಕಾದಿರಿಸಿದ್ದರಲ್ಲ ಎಂದು ಅವರಿಗೇ ನಗು ಬಂತು.

"ಧಣಿಗಳೇ, ಹೆಸರು ಹೇಳಿಕೊಂಡು ಯಾರು ಬರ್ತಾರೆ?" ಎಂದ ಹಮೀದ್. "ಕೋಡಿಮೂಲೆ ಲೆಕ್ಕ ಉಂಟಾ, ಪಳ್ಳದ ಲೆಕ್ಕ ಉಂಟಾ ಅಂತಲೇ ಅಲ್ವಾ ಕೇಳುವುದು?"

ಹೌದಲ್ಲ. ಹುಡುಕುವವನ ಬಾಯಲ್ಲಿ ಯಾವ ಮಾತು ಬರುತ್ತದೋ ಅದನ್ನೇ ಬರೆಯಬೇಕು. ಪೈಗಳು ಕಾಗದ ಹರಿದು ಮನೆ ಹೆಸರಿನಲ್ಲಿ ಮತ್ತೆ ಬರೆದರು. ಈ ಸಲ ಕ, ಪ, ಬ ಅಕ್ಷರಗಳಿಗೆ ಇಡೀ ಪುಟ, ಠ ಝಕ್ಕೆ ಸೇರಿಸಿ ಒಂದೇ ಗೆರೆ.

ಆಮೇಲೆ ಅವರಿಗೆ ಒಂದು ರೀತಿಯ ಹುಚ್ಚು ಹಿಡಿಯಿತು. ಜಿನಸಿನದ್ದೂ ಬರೆದರೆ? ಯಾವ ಮನೆಗೆ ಎಷ್ಟು ಮೈಲುತುತ್ತು ಹೋಯಿತೆಂದು ಗೊತ್ತಾದರೆ ಮುಂದಿನ ವರ್ಷಕ್ಕೆ ಎಷ್ಟು ತರಿಸಬೇಕೆಂದು ಲೆಕ್ಕ ಸಿಗುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎಷ್ಟು ಕಿಲೋ ಹೋಗಿದೆ ಎಂದು ನೋಡಿದರೆ ತೋಟ ಎಷ್ಟು ದೊಡ್ಡದೆಂದೂ ಅಂದಾಜು ಸಿಕ್ಕಿತು! ಮೈಲುತುತ್ತಿನ ಪುಟಗಳು ಒಂದೇ ಗೆರೆಯಲ್ಲಿ ಮುಗಿದವು. ಉಪ್ಪಿನದ್ದು ಶುರು ಮಾಡಿದರು: 1, 2, 3, 4, 5, 6... ಹತ್ತಕ್ಕೆ ಬಂದಾಗ ಪೆನ್ನು ಕೆಳಗಿಟ್ಟರು. ಎಲ್ಲ ಪುಟದಲ್ಲೂ ಇರುವುದನ್ನು ಎಲ್ಲಿದೆ ಎಂದು ಬರೆದು ಏನು ಪ್ರಯೋಜನ?

ಕನ್ನಡ ಮಾಸ್ತ್ರು ಬೀಡಿಗೆ ಬಂದವರು ಕಾಗದ ನೋಡಿ, "ಇದು ದೊಡ್ಡ ಪುಸ್ತಕಗಳ ಕೊನೆಯಲ್ಲಿ ಇರ್ತದೆ ಪೈಗಳೇ, ಹೊಸದೇನಲ್ಲ" ಎಂದರು.

"ಹಾಗಾದರೆ ಅವರಿಗೂ ಕಡ ವಸೂಲಿ ಇರಬೇಕು" ಎಂದರು ಪೈಗಳು. ಮುಖ ಸ್ವಲ್ಪ ಸಣ್ಣದಾದದ್ದು ಹಮೀದನಿಗೆ ಮಾತ್ರ ಕಂಡಿತು.

ಉಪದ್ರವೂ ಕೂಡಲೇ ಶುರುವಾಯಿತು. ಬಜಾರಿನ ಗಲಾಟೆಯ ಒಂದು ಸಂಜೆ ಹಮೀದ್ ಒಬ್ಬರ ಲೆಕ್ಕವನ್ನು ಪುಟ 212ಕ್ಕೆ ದಾಟಿಸಿ, ಕಾಗದದಲ್ಲಿ ಬರೆಯಲು ಮರೆತ. ಪೈಗಳು ಕಾಗದವನ್ನೇ ನಂಬಿ ಹಳೆಯ ಪುಟದ ಮೊತ್ತ ಮಾತ್ರ ಹೇಳಿದರು. ಎಂಬತ್ತೆರಡು ರೂಪಾಯಿ ಕೈತಪ್ಪಿತು. ಮೊದಲಾಗಿದ್ದರೆ ಪೂರ್ತಿ ಪುಸ್ತಕ ಮಗುಚುವಾಗ ಅದೂ ಕಣ್ಣಿಗೆ ಬೀಳುತ್ತಿತ್ತು. ಅಂದಿನಿಂದ ಹೊಸ ಪುಟಕ್ಕೆ ದಾಟಿಸುವ ಮೊದಲು ಕಾಗದದಲ್ಲಿ ನಂಬ್ರ ಬರೆಯಬೇಕು, ಆಮೇಲೆಯೇ ಅಕ್ಕಿ ತೂಗಬೇಕು ಎಂದು ಹಮೀದನಿಗೆ ಅಪ್ಪಣೆಯಾಯಿತು. ಒಂದೇ ಲೆಕ್ಕಕ್ಕೆ ಎರಡು ಕಡೆ ಬರೆಯುವ ಕೆಲಸ. ಹಮೀದ್ ಗೊಣಗಿದ, ಆದರೂ ಬರೆದ.

ಜೂನ್ ಮೊದಲ ವಾರ ಪಡುಗುತ್ತು ರೈಗಳು ಬಂದರು. ಸಕ್ಕರೆ, ಚಾಪುಡಿ ಚೀಲಕ್ಕೆ ಹಾಕಿಸಿಕೊಂಡು ಯಾವಾಗಿನ ಹಾಗೆ, "ನನ್ನ ಲೆಕ್ಕ ಹುಡುಕಿ ಇಡಿ ಪೈಗಳೇ, ಬಸ್ಸು ಬಂತು" ಎಂದರು.

"ಸಿಕ್ಕಿತು. ಪಡುಗುತ್ತು, 143, ಮತ್ತೆ 210. ಒಟ್ಟು 437 ರೂಪಾಯಿ."

ರೈಗಳು ಒಂದು ಕಾಲು ಮೆಟ್ಟಿಲಿನಿಂದ ಕೆಳಗಿಟ್ಟವರು ಹಾಗೇ ನಿಂತರು. "ಇಷ್ಟು ಬೇಗವಾ?"

ಬಸ್ಸು ಹಾರ್ನ್ ಹಾಕಿತು. ಅಂಗಡಿಯಲ್ಲಿದ್ದವರೆಲ್ಲ ರೈಗಳ ಮುಖ ನೋಡಿದರು. ಅವರು ಕಿಸೆಯಿಂದ ನೂರರ ಎರಡು ನೋಟು ತೆಗೆದು ಪೆಟ್ಟಿಗೆಯ ಮೇಲಿಟ್ಟು, "ಉಳಿದದ್ದು ಅಡಿಕೆ ಆದ ಮೇಲೆ" ಎಂದು ಪೈಗಳ ಕಡೆ ನೋಡದೆ ಹೋದರು.

"ರೈಗಳು ಇನ್ನು ಬರ್ತಾರಾ ಧಣಿಗಳೇ?" ಎಂದು ಕೇಳಿದ ಹಮೀದ್.

ಪೈಗಳು ಉತ್ತರ ಕೊಡಲಿಲ್ಲ. ಮರುದಿನದಿಂದ ಕಾಗದವನ್ನು ಪೆಟ್ಟಿಗೆಯ ಒಳಗಿಟ್ಟರು. ಯಾರಾದರೂ ಲೆಕ್ಕ ಕೇಳಿದರೆ ಒಳಗೇ ಒಮ್ಮೆ ನಂಬ್ರ ನೋಡಿಕೊಂಡು, ಆಮೇಲೆ ಪುಸ್ತಕ ತೆರೆದು ಸುಮ್ನೆ ಹತ್ತಿಪ್ಪತ್ತು ಹಾಳೆ ಮಗುಚುತ್ತಾರೆ. ಕೊಡುವವರಾದರೆ ಕೂಡಲೇ ಸಿಗುತ್ತದೆ. ಬಸ್ಸಿನ ಕಡೆ ನೋಡುವವರಾದರೆ, ಎರಡು ಸಲ ಕೇಳಿದ ಮೇಲೆ.