ಅಚ್ಚಿನ ಮೊಳೆ ಜೋಡಿಸಿದವರೊಂದಿಗೆ ಮಾತುಕತೆ: ತಿದ್ದಿದ ಪ್ರತಿ

ಧ್ವನಿಮುದ್ರಣ: ಎರಡು ಕಡತಗಳು. ಕಡತ ಅ, 00:08:06. ಕಡತ ಆ, 00:03:41.
ಮಾತನಾಡಿದವರು: ಸಂದರ್ಶಕಿ, ಹಿರಿಯರು (ಕೈಯಿಂದ ಮೊಳೆ ಜೋಡಿಸುವ ಕೆಲಸದಿಂದ ನಿವೃತ್ತರಾದವರು), ಪತ್ನಿ (ಅದೇ ಮುದ್ರಣಾಲಯದಲ್ಲಿ ಹಾಳೆ ಮಡಿಸುತ್ತಿದ್ದವರು).
ಹೆಸರುಗಳನ್ನು ಹಿರಿಯರ ಕೋರಿಕೆಯಂತೆ ಬಿಟ್ಟಿದೆ.

ತಿದ್ದಿದವರ ಟಿಪ್ಪಣಿ

ಮಾತುಕತೆ ನಡೆದಾಗ ನಾನು ಅಲ್ಲಿರಲಿಲ್ಲ. ನನ್ನ ಕೈಗೆ ಬಂದದ್ದು ಧ್ವನಿ ಮತ್ತು ಅದನ್ನು ಕೇಳಿ ಯಾರೋ ಅವಸರದಲ್ಲಿ ಟೈಪ್ ಮಾಡಿದ ಹಸಿ ಪ್ರತಿ. ಆ ಪ್ರತಿಯಲ್ಲಿ ಆಡುಮಾತಿನ ಕ್ರಿಯಾಪದಗಳನ್ನು ಆಗಲೇ ಬರಹದ ರೂಪಕ್ಕೆ ತಂದಿದ್ದರು. ಆದರೆ ಯಾರ ಮಾತು ಯಾರದೆಂಬ ಗುರುತು ಮಾತ್ರ ಇರಲಿಲ್ಲ. ಒಂದು ತುಣುಕು ಹೀಗಿತ್ತು:

> ಹಾಂ ಹಾಂ ಅದು ಏನೆಂದರೆ ನೋಡಿ ಮೊದಲು ಕೇಸ್ ಕೇಸ್ ಕಲಿಯಬೇಕು ಎಷ್ಟು ದಿನ ಬೇಕಾಯಿತು ಮೂರು ತಿಂಗಳು ಅಲ್ಲ ಅಲ್ಲ ಆರು ಇವರಿಗೆ ನೆನಪಿಲ್ಲ ಒಂದು ವರ್ಷ ಹಿಡಿಯಿತು ಹಾಗೇನಿಲ್ಲ

ಇಷ್ಟರಲ್ಲಿ ಮೂವರು ಮಾತನಾಡಿದ್ದಾರೆ. ಪತ್ನಿಯವರು ಸ್ವಲ್ಪ ದೂರದಲ್ಲಿ ಕುಳಿತಿದ್ದರಿಂದ ಅವರ ದನಿ ತಗ್ಗಿದೆ, ಹಾಗಾಗಿ ಹಸಿ ಪ್ರತಿಯಲ್ಲಿ ಅವರ ಮಾತೆಲ್ಲ ಗಂಡನ ಮಾತಿನೊಳಗೆ ಕರಗಿಹೋಗಿತ್ತು. ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದ ಮೇಲೆ ಅವರ ಮಾತುಗಳನ್ನು ಬಿಡಿಸಿ ಅವರ ಹೆಸರಿಗೇ ಹಚ್ಚಿದ್ದೇನೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ.

'ಹಾಂ', 'ಅದು ಏನೆಂದರೆ', 'ನೋಡಿ' ಮುಂತಾದ ತಡವರಿಕೆಗಳನ್ನು ತೆಗೆದಿದ್ದೇನೆ. ಹಿರಿಯರು ತಮ್ಮನ್ನು ತಾವೇ ತಿದ್ದಿಕೊಂಡ ಕಡೆ ತಪ್ಪನ್ನೂ ತಿದ್ದುಪಡಿಯನ್ನೂ ಉಳಿಸಿದ್ದೇನೆ. ಯಾಕೆಂದರೆ ನೆನಪು ಎಲ್ಲಿ ಅಲುಗಾಡುತ್ತದೆ ಎಂಬುದು ಓದುವವರಿಗೆ ತಿಳಿಯಬೇಕು. ಐದು ಸೆಕೆಂಡಿಗಿಂತ ಉದ್ದದ ಮೌನವನ್ನು ಗುರುತಿಸಿದ್ದೇನೆ. ಚೌಕ ಕಂಸದಲ್ಲಿರುವ ಪದಗಳು ನನ್ನವು.

ವಿಷಯದ ಪ್ರಕಾರ ಭಾಗ ಮಾಡಿದ್ದರಿಂದ ಮಾತಿನ ಮೂಲ ಕ್ರಮ ಒಂದು ಕಡೆ ಬದಲಾಗಿದೆ. ಸೀಸದ ಬಗೆಗಿನ ಮಾತು ಎರಡೂ ಕಡತಗಳಲ್ಲಿ ಹಂಚಿಹೋಗಿತ್ತು, ಅದನ್ನು ಒಟ್ಟಿಗೆ ತಂದಿದ್ದೇನೆ. ಸಮಯದ ಗುರುತುಗಳು ಮಾತ್ರ ಮೂಲ ಧ್ವನಿಯವೇ. ಅವು ಹಿಂದುಮುಂದಾಗಿ ಕಂಡರೆ ಅದು ತಪ್ಪಲ್ಲ, ಸಾಲನ್ನು ಎಲ್ಲಿಂದ ಎತ್ತಿದೆ ಎಂಬುದರ ಸುಳಿವು.

1. ಕೇಸ್ ಕಲಿತದ್ದು

[ಅ 00:00:09] ಸಂದರ್ಶಕಿ: ನೀವು ಈ ಕೆಲಸಕ್ಕೆ ಸೇರಿದ್ದು ಯಾವಾಗ?

[ಅ 00:00:13] ಹಿರಿಯರು: 1966ರಲ್ಲಿ. ಇಲ್ಲ, 1964. ನನಗೆ ಹದಿನಾರು ವರ್ಷ. ಮೊದಲ ದಿನ ಮೊಳೆ ಮುಟ್ಟಲು ಬಿಡಲಿಲ್ಲ, ನೆಲ ಗುಡಿಸಿ ಕೆಳಗೆ ಬಿದ್ದ ಮೊಳೆಗಳನ್ನು ಆರಿಸು ಎಂದರು. ಮೊದಲು ಕೇಸ್ ಕಲಿಯಬೇಕು.

[ಅ 00:00:35] ಸಂದರ್ಶಕಿ: ಎಷ್ಟು ದಿನ ಬೇಕಾಯಿತು?

[ಅ 00:00:38] ಹಿರಿಯರು: ಮೂರು ತಿಂಗಳು. ಅಲ್ಲ, ಅಲ್ಲ, ಆರು.

[ಅ 00:00:43] ಪತ್ನಿ: ಇವರಿಗೆ ನೆನಪಿಲ್ಲ. ಒಂದು ವರ್ಷ ಹಿಡಿಯಿತು.

[ಅ 00:00:47] ಹಿರಿಯರು: [ನಗು] ಹಾಗೇನಿಲ್ಲ.

[ಅ 00:00:49] ಪತ್ನಿ: ಕಲಿಸಿದವರು ನನ್ನ ತಂದೆ. ಮನೆಗೆ ಬಂದು ಹೇಳುತ್ತಿದ್ದರು, ಹೊಸ ಹುಡುಗ ಇನ್ನೂ ಒತ್ತಕ್ಷರ ಹುಡುಕುತ್ತಲೇ ಇದ್ದಾನೆ ಎಂದು.

[ಅ 00:01:01] ಸಂದರ್ಶಕಿ: ಕೇಸ್ ಎಂದರೆ ಏನೆಂದು ಹೇಳುತ್ತೀರಾ?

[ಅ 00:01:05] ಹಿರಿಯರು: ಮರದ ದೊಡ್ಡ ತಟ್ಟೆ. ಒಳಗೆ ಚಿಕ್ಕ ಚಿಕ್ಕ ಮನೆಗಳು, ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರದ ಮೊಳೆ. ಹೆಚ್ಚು ಬೇಕಾಗುವ ಅಕ್ಷರಕ್ಕೆ ದೊಡ್ಡ ಮನೆ, ಅದು ಕೈಗೆ ಹತ್ತಿರವಿರುತ್ತದೆ. ಅಪರೂಪದವು ಮೂಲೆಯಲ್ಲಿ. ಇಂಗ್ಲಿಷಿನವರಿಗೆ ಇಪ್ಪತ್ತಾರು ಅಕ್ಷರ, ದೊಡ್ಡವು ಚಿಕ್ಕವು ಸೇರಿದರೆ ಐವತ್ತೆರಡು. ನಮಗೆ ಸ್ವರ, ವ್ಯಂಜನ, ಕಾಗುಣಿತ, ಅದರ ಮೇಲೆ ಒತ್ತುಗಳಿಗೆ ಬೇರೆ ಮೊಳೆ. ಮನೆಗಳ ಮೇಲೆ ಹೆಸರು ಬರೆದಿರಲಿಲ್ಲ. ಕಣ್ಣು ಕೈಬರಹದ ಹಾಳೆಯ ಮೇಲೆ ಇರಬೇಕು, ಕೈ ತಾನೇ ಹೋಗಬೇಕು.

[ಅ 00:01:52] ಸಂದರ್ಶಕಿ: ಕೈಗೆ ಆ ರೂಢಿ ಬಂದದ್ದು ನಿಮಗೆ ಗೊತ್ತಾಯಿತೇ?

[ಅ 00:01:57] ಹಿರಿಯರು: ಗೊತ್ತಾಗಲಿಲ್ಲ. ಒಂದು ದಿನ ಯಾರೊಂದಿಗೋ ಮಾತನಾಡುತ್ತಾ ಅರ್ಧ ಪುಟ ಜೋಡಿಸಿಬಿಟ್ಟಿದ್ದೆ.

2. ತಲೆಕೆಳಗಾದ ಸಾಲು

[ಅ 00:02:08] ಸಂದರ್ಶಕಿ: ಜೋಡಿಸುವಾಗ ಅಕ್ಷರ ನಿಮಗೆ ಹೇಗೆ ಕಾಣುತ್ತಿತ್ತು?

[ಅ 00:02:12] ಹಿರಿಯರು: ಮೊಳೆಯ ಮುಖದ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಇರುತ್ತದೆ, ಕಾಗದದ ಮೇಲೆ ಬಿದ್ದಾಗ ಸರಿಯಾಗುತ್ತದೆ. ಎಡಗೈಯಲ್ಲಿ ಸ್ಟಿಕ್ ಹಿಡಿಯುತ್ತೇವೆ. ಅದು ಅಗಲ ಹೊಂದಿಸಿಕೊಳ್ಳುವ ಲೋಹದ ಪಟ್ಟಿ. ಅದರಲ್ಲಿ ಎಡದಿಂದ ಬಲಕ್ಕೆ ಮೊಳೆಗಳನ್ನು ನಿಲ್ಲಿಸುವುದು, ಅಕ್ಷರದ ತಲೆ ಕೆಳಗೆ ಮಾಡಿ. ಕೊನೆಯ ಮೊಳೆಯನ್ನು ಹೆಬ್ಬೆರಳು ಒತ್ತಿ ಹಿಡಿದಿರುತ್ತದೆ. ಮೊಳೆಯ ಮೈಮೇಲೆ ಒಂದು ಗೀರು ಇರುತ್ತದೆ. ಆ ಗೀರು ಎಲ್ಲದರಲ್ಲೂ ಒಂದೇ ಕಡೆಗಿದ್ದರೆ ಯಾವ ಮೊಳೆಯೂ ತಿರುಗಿ ನಿಂತಿಲ್ಲ ಎಂದು ಅರ್ಥ. ಬೆರಳಿಗೇ ತಿಳಿಯುತ್ತದೆ.

[ಅ 00:02:58] ಸಂದರ್ಶಕಿ: ಸಾಲಿನ ಕೊನೆ ಸರಿಹೊಂದದಿದ್ದರೆ?

[ಅ 00:03:02] ಹಿರಿಯರು: ಪದಗಳ ನಡುವಿನ ಖಾಲಿ ತುಂಡುಗಳನ್ನು ಬದಲಿಸುವುದು. ತೆಳ್ಳಗಿನದನ್ನು ತೆಗೆದು ದಪ್ಪದ್ದನ್ನು ಹಾಕುವುದು. ಸಾಲು ಸಡಿಲವಿದ್ದರೆ ಯಂತ್ರದಲ್ಲಿ ಮೊಳೆ ಎದ್ದು ಬರುತ್ತದೆ. ಓದುವವರಿಗೆ ಖಾಲಿ ಜಾಗ ಏನೂ ಅಲ್ಲ. ನಮಗೆ ಅದೂ ಒಂದು ವಸ್ತು, ಅದಕ್ಕೂ ತೂಕವಿತ್ತು.

[ಅ 00:04:44] ಸಂದರ್ಶಕಿ: ಯಾವ ತಪ್ಪುಗಳು ಹೆಚ್ಚಾಗಿ ಬರುತ್ತಿದ್ದವು?

[ಅ 00:04:48] ಹಿರಿಯರು: ರ ಮತ್ತು ಠ. ಒಳಗಿನ ಚುಕ್ಕೆಯೊಂದೇ ವ್ಯತ್ಯಾಸ. ರಕಾರದ ಒಳಗೆ ಶಾಯಿಯ ಕಸ ಕಟ್ಟಿದರೆ ಠಕಾರದಂತೆ ಅಚ್ಚಾಗುತ್ತಿತ್ತು. ಪ್ರೂಫ್ ನೋಡುವವರು ನನ್ನನ್ನು ಬೈಯುತ್ತಿದ್ದರು, ಮೊಳೆ ಸರಿಯೇ ಇರುತ್ತಿತ್ತು. ಹಾಗೆ ಆದಾಗ ಬ್ರಷ್‌ನಿಂದ ಉಜ್ಜಿ ಮತ್ತೆ ಕರಡಚ್ಚು ತೆಗೆಯುತ್ತಿದ್ದೆ. ದ, ಧ, ಥ ಮೂರೂ ಅಕ್ಕಪಕ್ಕ ಬಂದರೆ ನಾನು ಈಗಲೂ ನಿಧಾನಿಸುತ್ತೇನೆ.

[ಅ 00:05:33] ಸಂದರ್ಶಕಿ: ಮೊಳೆ ಸಾಲದೇ ಬಂದದ್ದು ಇದೆಯೇ?

[ಅ 00:05:37] ಹಿರಿಯರು: ಬಹಳ ಸಲ. ಇರುವ ಮೊಳೆಯಲ್ಲಿ ಎಂಟು ಪುಟ ಆಗುತ್ತಿತ್ತು. ಅಚ್ಚಾದ ಮೇಲೆ ಪುಟ ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಮನೆಗೆ ಹಿಂದಿರುಗಿಸಿ, ಮುಂದಿನ ಎಂಟು ಪುಟ. ಹೀಗೆ ಹಿಂದಿರುಗಿಸುವ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಒಂದು ಮೊಳೆ ತಪ್ಪು ಮನೆಗೆ ಬಿದ್ದರೆ ಮುಂದಿನ ವಾರ ಯಾವುದೋ ಪುಸ್ತಕದಲ್ಲಿ ತಪ್ಪಾಗಿ ಏಳುತ್ತದೆ.

[ಅ 00:06:24] ಪತ್ನಿ: ಅಚ್ಚಾದ ಹಾಳೆ ಮಡಿಸುವಾಗ ನಾನು ಓದುತ್ತಿದ್ದೆ. ತಪ್ಪು ಕಂಡರೆ ಇವರಿಗೆ ಹೇಳುತ್ತಿದ್ದೆ, ಮಾಲೀಕರಿಗೆ ಹೇಳುತ್ತಿರಲಿಲ್ಲ.

[ಅ 00:06:35] ಹಿರಿಯರು: ಅಷ್ಟು ಹೊತ್ತಿಗೆ ಅಚ್ಚಾಗಿ ಹೋಗಿರುತ್ತಿತ್ತಲ್ಲ.

[ಅ 00:06:38] ಪತ್ನಿ: ಆದರೂ ಹೇಳುತ್ತಿದ್ದೆ.

[ಅ 00:06:41ರಿಂದ 00:07:52ರವರೆಗೆ ಇಬ್ಬರೂ ಹಳೆಯ ಸಹೋದ್ಯೋಗಿಗಳ ಹೆಸರು ನೆನಪಿಸಿಕೊಳ್ಳುತ್ತಾರೆ. ಹೆಸರುಗಳೇ ತುಂಬಿರುವುದರಿಂದ ಈ ಭಾಗವನ್ನು ಬಿಟ್ಟಿದೆ. ಫೋನ್ ಬಂದದ್ದರಿಂದ ಕಡತ ಅ ಮುಗಿಯುತ್ತದೆ.]

3. ಸೀಸ

[ಅ 00:03:31] ಸಂದರ್ಶಕಿ: ದಿನವಿಡೀ ಲೋಹ ಮುಟ್ಟುತ್ತಿದ್ದಿರಿ. ಭಯವಿರಲಿಲ್ಲವೇ?

[ಅ 00:03:36] ಹಿರಿಯರು: ಮೊಳೆಯಲ್ಲಿ ಹೆಚ್ಚಿನ ಪಾಲು ಸೀಸ. ಜೊತೆಗೆ ತವರ, ಆಂಟಿಮನಿ. ಬರೀ ಸೀಸ ಮೆತ್ತಗೆ, ಒತ್ತಡಕ್ಕೆ ಮೊಂಡಾಗುತ್ತದೆ. ಆಂಟಿಮನಿ ಸೇರಿದರೆ ಗಟ್ಟಿ. ಸೀಸ ವಿಷ ಎಂದು ಹಿರಿಯರು ಹೇಳುತ್ತಿದ್ದರು. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯದವನನ್ನು ಇವಳ ತಂದೆ ಪಕ್ಕದಲ್ಲಿ ಕೂರಲು ಬಿಡುತ್ತಿರಲಿಲ್ಲ. ನಾನು ಒಮ್ಮೆ ಎರಡು ಕೈಯೂ ಬಿಡುವಿಲ್ಲದೆ ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದೆ. ಕೆನ್ನೆಗೆ ಹೊಡೆದರು. ಆಗ ಸಿಟ್ಟು ಬಂದಿತ್ತು.

[ಆ 00:00:06] ಸಂದರ್ಶಕಿ: ಸೀಸದ ಬಗ್ಗೆ ಹೇಳುತ್ತಿದ್ದಿರಿ. ಸವೆದ ಮೊಳೆಗಳನ್ನು ಏನು ಮಾಡುತ್ತಿದ್ದರು?

[ಆ 00:00:12] ಹಿರಿಯರು: ಕರಗಿಸಿ ಹೊಸದಾಗಿ ಎರಕ ಹೊಯ್ಯಲು ಕಳುಹಿಸುತ್ತಿದ್ದರು. ಕರಗಿಸುವಲ್ಲಿ ಕೆಲಸ ಮಾಡುವವರಿಗೆ ಹೊಗೆ, [ಅಸ್ಪಷ್ಟ, ಎರಡು ಪದ]. ನಮ್ಮದು ಅವರಿಗಿಂತ ವಾಸಿ.

4. ಮೊಳೆಗಳನ್ನು ಮಾರಿದ ದಿನ

[ಆ 00:00:48] ಸಂದರ್ಶಕಿ: ಮುದ್ರಣಾಲಯ ಆಫ್‌ಸೆಟ್‌ಗೆ ಬದಲಾದಾಗ ನೀವು ಅಲ್ಲೇ ಇದ್ದಿರಾ?

[ಆ 00:00:54] ಹಿರಿಯರು: 1991ರವರೆಗೂ ಇದ್ದೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವರು ಮುಂದಿನ ಕೋಣೆಗೆ ಬಂದರು, ಒಳ್ಳೆಯ ಮಕ್ಕಳು. ನನಗೆ ಕರಡು ತಿದ್ದುವ ಕೆಲಸ ಕೊಟ್ಟರು. ಕೇಸ್‌ಗಳು ಹಿಂದಿನ ಕೋಣೆಯಲ್ಲಿದ್ದವು.

[ಆ 00:01:22] ಸಂದರ್ಶಕಿ: ಆ ಮೊಳೆಗಳು ಈಗ ಎಲ್ಲಿವೆ?

[ಆ 00:01:25] [ಮೌನ, 19 ಸೆಕೆಂಡು]

[ಆ 00:01:44] ಹಿರಿಯರು: ತೂಕಕ್ಕೆ ಹೋದವು. ಗೋಣಿಚೀಲದಲ್ಲಿ ತುಂಬಬೇಕು ಎಂದರು. ಎಲ್ಲಾ ಮನೆಗಳದ್ದನ್ನೂ ಒಂದೇ ಚೀಲಕ್ಕೆ ಸುರಿದರೆ ಸಾಕು, ಹೇಗೂ ಕರಗಿಸುತ್ತಾರೆ. ನಾನು ಒಂದೊಂದು ಅಕ್ಷರವನ್ನೂ ಬೇರೆ ಬೇರೆ ಕಾಗದದಲ್ಲಿ ಕಟ್ಟಿಕೊಟ್ಟೆ. ಎರಡು ದಿನ ಹಿಡಿಯಿತು. ಕೊಟ್ಟುಬಿಟ್ಟೆ, ಕೊಟ್ಟುಬಿಟ್ಟೆ.

[ಆ 00:02:19] ಪತ್ನಿ: ಕಟ್ಟಲು ನಾನೂ ಹೋಗಿದ್ದೆ.

[ಆ 00:02:22] ಹಿರಿಯರು: ಹೌದು, ಇವಳೂ ಬಂದಿದ್ದಳು.

5. ಧನ್ಯವಾದ ಹೇಳಿದ ಮೇಲೆ

[ಈ ಭಾಗ ಧ್ವನಿಮುದ್ರಣ ನಿಂತಿದೆ ಎಂದುಕೊಂಡು ಆಡಿದ ಮಾತು. ಹಿರಿಯರನ್ನು ಮತ್ತೆ ಕೇಳಿ, ಅವರು ಒಪ್ಪಿದ ಮೇಲೆ ಸೇರಿಸಿದೆ.]

[ಆ 00:03:04] ಹಿರಿಯರು: ಇದನ್ನೆಲ್ಲ ಬರೆದು ಮುಗಿಸಿದ ಮೇಲೆ ನನಗೆ ಪ್ರೂಫ್ ಕಳುಹಿಸುತ್ತೀರಾ?

[ಆ 00:03:09] ಸಂದರ್ಶಕಿ: ಖಂಡಿತ.

[ಆ 00:03:11] ಹಿರಿಯರು: ಕಾಗದದ ಮೇಲೆ ಕಳುಹಿಸಿ. ಅಂಚಿನಲ್ಲಿ ಜಾಗ ಬಿಡಿ.

[ಆ 00:03:16] ಪತ್ನಿ: ಎರಡು ಪ್ರತಿ ಕಳುಹಿಸಿ.

ಪ್ರೂಫ್ ನೋಡಿದ ಮೇಲಿನ ತಿದ್ದುಪಡಿಗಳು

ಎರಡು ಪ್ರತಿ ಕಳುಹಿಸಿದೆವು, ಎರಡೂ ಹಿಂದಿರುಗಿ ಬಂದವು. ಹಿರಿಯರ ಪ್ರತಿಯಲ್ಲಿ ಎರಡು ಗುರುತುಗಳಿದ್ದವು. ಒಂದು, ಅ 00:05:37ರಲ್ಲಿ ನಾನು 'ಹಳೆ' ಎಂದು ಕೇಳಿಸಿಕೊಂಡು ಬರೆದದ್ದು 'ಮೊಳೆ' ಆಗಬೇಕಿತ್ತು. ಇನ್ನೊಂದು, ಆ 00:01:44ರ ಕೊನೆಯಲ್ಲಿ 'ಕೊಟ್ಟುಬಿಟ್ಟೆ' ಎಂಬುದು ಎರಡು ಸಲ ಬಂದದ್ದನ್ನು ನಾನು ತಡವರಿಕೆ ಎಂದು ತಿಳಿದು ಒಂದನ್ನು ಹೊಡೆದುಹಾಕಿದ್ದೆ. ಅವರು ಕೆಂಪು ಪೆನ್ನಿನಲ್ಲಿ ಅಂಚಿಗೆ ಬರೆದಿದ್ದರು: 'ಎರಡು ಸಲ ಹೇಳಿದ್ದೇನೆ. ಎರಡೂ ಇರಲಿ.' ಪತ್ನಿಯವರ ಪ್ರತಿಯಲ್ಲಿ ಗುರುತು ಒಂದೇ. ಅ 00:00:43ರ ಪಕ್ಕದಲ್ಲಿ 'ಒಂದು ವರ್ಷ' ಎಂಬುದರ ಕೆಳಗೆ ಗೆರೆ ಎಳೆದು, 'ಸರಿ ಇದೆ' ಎಂದು ಬರೆದಿದ್ದರು.